ಬರಿಗಿವಿಗೆ ಬಿದ್ದ ಒಂದು ಗುಂಡಿನ ಲೆಕ್ಕ: ಫೈರಿಂಗ್ ರೇಂಜ್‌ನಲ್ಲಿ ಕಿವಿ, ಕಣ್ಣಿನ ರಕ್ಷಣೆ

ಫೈರಿಂಗ್ ರೇಂಜ್‌ನಲ್ಲಿ ಎರಡೂ ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್ ಮಫ್ ಹಾಕದೆ ನಿಲ್ಲುವವರು ಅಪರೂಪ. ಆದರೂ ಹತ್ತಿಪ್ಪತ್ತು ವರ್ಷ ಶೂಟಿಂಗ್ ಮಾಡಿದವರಲ್ಲಿ ಕಿವಿ ಮಂದವಾದವರು ಬೇಕಾದಷ್ಟು ಜನ ಸಿಗುತ್ತಾರೆ. ಈ ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆ? ಕಾರಣ ಹುಡುಕಿದರೆ ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು, ಕನ್ನಡಕದ ಕಡ್ಡಿ ಮಫ್‌ನ ದಿಂಬನ್ನು ಎತ್ತಿ ಹಿಡಿದಲ್ಲಿ ಉಳಿದ ಸಣ್ಣ ಸಂದು. ಇನ್ನೊಂದು, ಯಾರೋ ಏನೋ ಹೇಳಿದರೆಂದು ಮಫ್ ಸರಿಸಿದ ಆ ಎರಡು ಕ್ಷಣದಲ್ಲೇ ಪಕ್ಕದ ಲೇನ್‌ನಿಂದ ಹಾರಿದ ಗುಂಡು. ಇವೆರಡೂ ಎಷ್ಟು ದುಬಾರಿ ಎನ್ನುವುದು ಲೆಕ್ಕ ಹಾಕಿದಾಗಲೇ ಗೊತ್ತಾಗುವುದು.

ಒಂದು ಮಿಲಿಸೆಕೆಂಡಿನಲ್ಲಿ ಆಗುವುದು

ಶಬ್ದವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಇದು ಮೀಟರ್, ಕಿಲೋ ಥರದ ಅಳತೆಯಲ್ಲ. ಮೂರು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿ, ಹತ್ತು ಏರಿದರೆ ಹತ್ತು ಪಟ್ಟು, ಮೂವತ್ತು ಏರಿದರೆ ಸಾವಿರ ಪಟ್ಟು. ಇಬ್ಬರು ಎದುರುಬದುರು ಕೂತು ಮಾತಾಡುವುದು ಸುಮಾರು 60 ಡೆಸಿಬಲ್. 9 ಎಂಎಂ ಪಿಸ್ತೂಲಿನ ಗುಂಡಿನ ಸದ್ದು ಹಾರಿಸಿದವರ ಕಿವಿಯ ಬಳಿ ಸುಮಾರು 160 ಡೆಸಿಬಲ್‌ವರೆಗೆ ಏರುತ್ತದೆ. ಉದ್ದ ನಳಿಗೆಯ ಪಾಯಿಂಟ್ 22 ರೈಫಲ್ ಇವುಗಳಲ್ಲಿ ಸೌಮ್ಯ, ಸುಮಾರು 140ರ ಆಸುಪಾಸು. ದೊಡ್ಡ ರೈಫಲ್‌ಗಳು 160ನ್ನು ದಾಟುತ್ತವೆ. ನಳಿಗೆಯ ತುದಿಗೆ ಹಿಂದೊದೆತ ತಗ್ಗಿಸುವ ಮಝಲ್ ಬ್ರೇಕ್ ಹಾಕಿದ್ದರೆ ಅನಿಲ ಅಡ್ಡಕ್ಕೆ ನುಗ್ಗುವುದರಿಂದ ಪಕ್ಕದಲ್ಲಿ ನಿಂತವರ ಪಾಡು ಇನ್ನೂ ಕಷ್ಟ. ಗುಂಡಿನಂಥ ಹಠಾತ್ ಸದ್ದಿಗೆ ವಯಸ್ಕರ ಬರಿಗಿವಿ ಒಡ್ಡಿಕೊಳ್ಳಬಹುದಾದ ಮೇಲಿನ ಮಿತಿ 140 ಡೆಸಿಬಲ್ ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 120.

ದೊಡ್ಡ ಸದ್ದಾದಾಗ ನಡುಗಿವಿಯಲ್ಲಿರುವ ಪುಟ್ಟ ಸ್ನಾಯು ಬಿಗಿದು ಮೂಳೆಗಳ ಅಲುಗಾಟವನ್ನು ಸ್ವಲ್ಪ ತಡೆಯುತ್ತದೆ. ಇದು ದೇಹವೇ ಮಾಡಿಕೊಂಡ ವ್ಯವಸ್ಥೆ. ಆದರೆ ಆ ಸ್ನಾಯು ಬಿಗಿಯಲು ಹತ್ತಾರು ಮಿಲಿಸೆಕೆಂಡು ಬೇಕು. ಗುಂಡಿನ ಸದ್ದು ಶಿಖರಕ್ಕೇರಿ ಇಳಿಯುವುದು ಒಂದೆರಡು ಮಿಲಿಸೆಕೆಂಡಿನೊಳಗೆ. ಬಾಗಿಲು ಮುಚ್ಚುವ ಹೊತ್ತಿಗೆ ಕಳ್ಳ ಮನೆಯೊಳಗೆ ಸೇರಿಯಾಗಿರುತ್ತಾನೆ.

ಹಾಗೆ ಒಳಗೆ ಹೋದ ಸದ್ದು ಕಿವಿತಮಟೆ, ಮೂರು ಪುಟ್ಟ ಮೂಳೆಗಳ ಮೂಲಕ ಬಸವನಹುಳುವಿನ ಚಿಪ್ಪಿನಾಕಾರದ ಕಾಕ್ಲಿಯಾಕ್ಕೆ ಮುಟ್ಟುತ್ತದೆ. ಅಲ್ಲಿನ ದ್ರವದ ಅಲೆಯನ್ನು ನರಸಂದೇಶವಾಗಿ ಬದಲಿಸುವುದು ರೋಮಕೋಶಗಳು. ಒಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲುಗಳವು ಸುಮಾರು 12,000. ಹುಟ್ಟುವಾಗ ಬಂದದ್ದಷ್ಟೇ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಾರ್ಖಾನೆಯ ಗದ್ದಲ ಈ ಕೋಶಗಳನ್ನು ದುಡಿಸಿ ದುಡಿಸಿ ಬಳಲಿಸುತ್ತದೆ. ಅದಕ್ಕೆ ದಿನಗಳು, ವರ್ಷಗಳು ಬೇಕು. ಗುಂಡಿನ ಸದ್ದು ಅದನ್ನೂ ಮಾಡುತ್ತದೆ, ಜೊತೆಗೆ ಇನ್ನೊಂದನ್ನೂ ಮಾಡುತ್ತದೆ: ಅಲೆಯ ಹೊಡೆತ ಮಿತಿ ಮೀರಿದರೆ ಕೋಶದ ತುದಿಯ ರೋಮಗಳನ್ನು ಬಗ್ಗಿಸಿ, ಕೋಶಗಳನ್ನು ಅವು ಕೂತ ಪೊರೆಯಿಂದಲೇ ಕಿತ್ತುಬಿಡಬಹುದು. ಅದು ಬಳಲಿಕೆಯಲ್ಲ, ಗಾಯ. ಹಾಗಾಗಿ 'ಒಂದೇ ಒಂದು ಗುಂಡು ತಾನೆ' ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಲೆಕ್ಕ

ಕೆಲಸದ ಜಾಗದ ಗದ್ದಲಕ್ಕೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಇಟ್ಟಿರುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದಂತೆಲ್ಲ ಸಮಯವನ್ನು ಅರ್ಧ ಮಾಡಬೇಕು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೆ. ಈ ಏಣಿಯನ್ನು ಪಿಸ್ತೂಲಿನವರೆಗೆ ಹತ್ತಿ ನೋಡೋಣ. 85ರಿಂದ 160ಕ್ಕೆ ಅಂತರ 75, ಅಂದರೆ ಮೂರರ 25 ಮೆಟ್ಟಿಲು. ಎಂಟು ಗಂಟೆ ಎಂದರೆ 28,800 ಸೆಕೆಂಡು. ಅದನ್ನು 25 ಸಲ ಅರ್ಧ ಮಾಡುತ್ತಾ ಹೋದರೆ ಕೊನೆಗೆ ಉಳಿಯುವುದು ಸುಮಾರು 0.86 ಮಿಲಿಸೆಕೆಂಡು. ಒರಟಾಗಿ ಹೇಳುವುದಾದರೆ, ಕಿವಿಗೆ ಒಂದು ಇಡೀ ದಿನದ ಗದ್ದಲದ ಪಾಲು ಒಂದೇ ಗುಂಡಿನಲ್ಲಿ ಮುಗಿದುಹೋಗುತ್ತದೆ.

ಈ ಲೆಕ್ಕ ಕರಾರುವಾಕ್ಕಲ್ಲ. ಸದ್ದು ಆ ಒಂದು ಮಿಲಿಸೆಕೆಂಡು ಪೂರ್ತಿ ಶಿಖರದಲ್ಲೇ ನಿಂತಿರುವುದಿಲ್ಲ. ಆ ಮಟ್ಟಿಗೆ ಲೆಕ್ಕ ಸ್ವಲ್ಪ ಹೆಚ್ಚಾಯಿತು. ಇನ್ನೊಂದು ಕಡೆ, 140ರ ಮೇಲೆ ಶಕ್ತಿಯ ಲೆಕ್ಕಕ್ಕೆ ಸಿಗದ ಗಾಯವೂ ಸೇರುತ್ತದೆ; ಆ ಮಟ್ಟಿಗೆ ಕಡಿಮೆಯಾಯಿತು. ರಕ್ಷಣೆಯ ಗುಣವನ್ನು ತೂಗಿ ನೋಡಲು ಮಾತ್ರ ಇದು ಒಳ್ಳೆಯ ತಕ್ಕಡಿ. ಇದನ್ನೇ ಮುಂದೆ ಬಳಸೋಣ. ಒಂದು ದಿನದ ಮಿತಿಯನ್ನು 'ಒಂದು ದಿನದ ಪಾಲು' ಎಂದು ಕರೆಯೋಣ.

ವಾರಕ್ಕೊಮ್ಮೆ ಬಂದು 100 ಗುಂಡು ಹಾರಿಸುವ ಒಬ್ಬ ಶೂಟರ್ ಎಂದುಕೊಳ್ಳಿ. ವರ್ಷಕ್ಕೆ 50 ವಾರ, 5,000 ಗುಂಡು. ಅವರ ಕಿವಿಯ ರಕ್ಷಣೆ ನಿಜವಾಗಿ 30 ಡೆಸಿಬಲ್ ತಗ್ಗಿಸಿದರೆ ಕಿವಿಗೆ ಮುಟ್ಟುವುದು 130. ಒಂದು ಗುಂಡಿಗೆ ದಿನದ ಪಾಲಿನ ಸಾವಿರದಲ್ಲೊಂದು ಭಾಗ. ವರ್ಷಕ್ಕೆ ಒಟ್ಟು 5 ದಿನದ ಪಾಲು. ಕಿವಿ ಇದನ್ನು ತಡೆದುಕೊಳ್ಳುತ್ತದೆ. ಅದೇ ಸಾಧನ ಸರಿಯಾಗಿ ಕೂರದೆ 20 ಡೆಸಿಬಲ್ ಮಾತ್ರ ತಗ್ಗಿಸಿದರೆ ವರ್ಷಕ್ಕೆ 50 ದಿನದ ಪಾಲು, ಮತ್ತು ಪ್ರತಿ ಗುಂಡೂ 140ರ ಗೆರೆಯ ಮೇಲೆಯೇ. 15ಕ್ಕೆ ಇಳಿದರೆ ಸುಮಾರು 158 ದಿನದ ಪಾಲು, ಪ್ರತಿ ಗುಂಡೂ ಗೆರೆ ದಾಟಿದ್ದು. ಹೀಗೆ ಮೂರು ಥರ ರಕ್ಷಣೆ ಸಿಕ್ಕ ಮೂವರು ಶೂಟರ್‌ಗಳು ಹಾಕಿದ್ದು ಒಂದೇ ಸಾಧನವಾಗಿರಬಹುದು, ಮೂವರಿಗೂ 'ಕಿವಿ ಮುಚ್ಚಿದೆ' ಎಂದೇ ಅನಿಸಿರುತ್ತದೆ.

ಇನ್ನು ಮಫ್ ಸರಿಸಿದ ಆ ಕ್ಷಣ. ಬರಿಗಿವಿಗೆ ಬಿದ್ದ ಒಂದು ಗುಂಡು ಒಂದು ಇಡೀ ದಿನದ ಪಾಲು. ಚೆನ್ನಾಗಿ ಮುಚ್ಚಿದ ಕಿವಿಗೆ ಅಷ್ಟಾಗಲು ಸಾವಿರ ಗುಂಡು ಬೇಕು, ಅಂದರೆ ಹತ್ತು ವಾರದ ಅಭ್ಯಾಸ. ಹತ್ತು ವಾರ ಜೋಪಾನ ಮಾಡಿದ್ದು ಒಂದು 'ಏನಂದ್ರಿ?'ಯಲ್ಲಿ ಹೋಯಿತು. ಪಕ್ಕದ ಲೇನ್‌ನವರ ಗುಂಡುಗಳನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಒಳಾಂಗಣ ರೇಂಜ್‌ನಲ್ಲಿ ಗೋಡೆ, ಚಾವಣಿಯಿಂದ ತಿರುಗಿ ಬರುವ ಸದ್ದು ಪ್ರತಿ ಗುಂಡಿನ ಅವಧಿಯನ್ನು ಎಳೆದು ಉದ್ದ ಮಾಡುವುದರಿಂದ ಅಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ.

ಡಬ್ಬಿಯ ಮೇಲಿನ ಸಂಖ್ಯೆ, ಕಿವಿಯೊಳಗಿನ ಸಂಖ್ಯೆ

ಕಿವಿಯೊಳಗೆ ತೂರಿಸುವ ಪ್ಲಗ್, ಮೇಲೆ ಮುಚ್ಚುವ ಮಫ್‌ಗಳ ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ ಎಂಬ, ಎಷ್ಟು ಡೆಸಿಬಲ್ ತಗ್ಗುತ್ತದೆಂದು ಹೇಳುವ ಸಂಖ್ಯೆ ಇರುತ್ತದೆ. ಒಳ್ಳೆಯ ಫೋಮ್ ಪ್ಲಗ್‌ಗೆ 33ರವರೆಗೆ, ಮಫ್‌ಗೆ ಸಾಮಾನ್ಯವಾಗಿ 22ರಿಂದ 31. ಈ ಸಂಖ್ಯೆ ಬಂದದ್ದು ಪ್ರಯೋಗಾಲಯದಲ್ಲಿ. ಅಲ್ಲಿ ತಿಳಿದವರು ನಿಂತು ಪ್ಲಗ್ ಕೂರಿಸಿರುತ್ತಾರೆ, ಸದ್ದೂ ಗುಂಡಿನದ್ದಲ್ಲ, ಒಂದೇ ಸಮನೆ ಬರುವ ಭೋರ್ಗರೆತ. ಜನ ತಾವೇ ಹಾಕಿಕೊಂಡಾಗ ಅಷ್ಟು ಸಿಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವುದರಿಂದಲೇ ನಿಯೋಶ್ ಒಂದು ಕಡಿತ ಹೇಳಿದೆ: ಮಫ್ ಆದರೆ ಕಾಲು ಭಾಗ ಕಳೆಯಿರಿ, ಹೊಸೆದು ಹಾಕುವ ಫೋಮ್ ಪ್ಲಗ್ ಆದರೆ ಅರ್ಧ ಕಳೆಯಿರಿ. 33 ಎಂದು ಬರೆದಿದ್ದರೆ ಕೈಗೆ ಸಿಗುವುದು 16 ಎಂದು ಹಿಡಿಯಬೇಕು. ಆದರೆ ಅರ್ಧ ಕಳೆದುಹೋಗುವುದು ಪ್ಲಗ್‌ನ ದೋಷದಿಂದ ಅಲ್ಲ. ಕೂರಿಸುವುದು ಬಂದರೆ ಅದೇ ಪ್ಲಗ್ ಬರೆದದ್ದರ ಹತ್ತಿರಕ್ಕೆ ಕೊಡುತ್ತದೆ. ಮೇಲಿನ ಲೆಕ್ಕದಲ್ಲಿ 158 ದಿನಕ್ಕೂ 5 ದಿನಕ್ಕೂ ಇರುವ ವ್ಯತ್ಯಾಸ ಪೂರ್ತಿಯಾಗಿ ಬೆರಳ ತುದಿಯ ಕೆಲಸ.

ಅದು ಹೀಗೆ. ಕೈ ತೊಳೆದು, ಮದ್ದುಗುಂಡು ಮುಟ್ಟುವುದಕ್ಕೆ ಮೊದಲೇ ಪ್ಲಗ್ ಹಾಕಿಕೊಳ್ಳಬೇಕು. ಕಾಟ್ರಿಜ್ ಮುಟ್ಟಿದ ಕೈಯಲ್ಲಿ ಸೀಸದ ಪುಡಿ ಇರುತ್ತದೆ. ಪ್ಲಗ್ಗನ್ನು ಬತ್ತಿ ಹೊಸೆಯುವ ಹಾಗೆ ಬೆರಳುಗಳ ನಡುವೆ ನಿಧಾನಕ್ಕೆ ಹೊಸೆಯಿರಿ. ಹಿಚುಕಿ ಚಪ್ಪಟೆ ಮಾಡಿದರೆ ಮಡಿಕೆ ಬೀಳುತ್ತದೆ, ಆ ಮಡಿಕೆಯೇ ಕಿವಿಯೊಳಗೆ ಸದ್ದಿಗೆ ಓಣಿಯಾಗುತ್ತದೆ. ಸುಕ್ಕಿಲ್ಲದ ತೆಳ್ಳನೆಯ ಕಡ್ಡಿಯಂತಾದ ಮೇಲೆ, ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ಕಾಲುವೆ ಡೊಂಕಾಗಿದೆ. ಹೀಗೆ ಎಳೆದಾಗ ನೆಟ್ಟಗಾಗುತ್ತದೆ. ಈ ಒಂದು ಹೆಜ್ಜೆ ಬಿಟ್ಟವರ ಪ್ಲಗ್ ಡೊಂಕಿನಲ್ಲೇ ತಡೆದು ಬಾಯಲ್ಲಿ ನಿಲ್ಲುತ್ತದೆ. ಒಳಗೆ ತಳ್ಳಿದ ಮೇಲೆ ಬೆರಳ ತುದಿಯಿಂದ 30 ಸೆಕೆಂಡು ಹಿಡಿದುಕೊಳ್ಳಿ. ಫೋಮ್ ಹಿಗ್ಗುವಾಗ ತನ್ನನ್ನು ತಾನೇ ಹೊರಕ್ಕೆ ನೂಕಿಕೊಳ್ಳುತ್ತದೆ, ಹಿಡಿಯದಿದ್ದರೆ ಅರ್ಧ ಹೊರಬಂದು ಕೂರುತ್ತದೆ.

ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಎದುರು ನಿಂತವರಿಗೆ ಪ್ಲಗ್‌ನ ತುದಿ ಕಿವಿಯಿಂದ ಚಾಚಿಕೊಂಡು ಕಾಣುತ್ತಿದ್ದರೆ ಅದು ಒಳಗೆ ಹೋಗಿಲ್ಲ. ಎರಡನೆಯದು ನಿಮ್ಮ ಕಿವಿಯದ್ದೇ: ಒಂದರಿಂದ ಐದರವರೆಗೆ ಗಟ್ಟಿಯಾಗಿ ಎಣಿಸುತ್ತಾ ಅಂಗೈಗಳನ್ನು ಬಟ್ಟಲಿನಂತೆ ಮಾಡಿ ಎರಡೂ ಕಿವಿಗೆ ಒತ್ತಿ, ತೆಗೆಯಿರಿ, ಮತ್ತೆ ಒತ್ತಿ. ಕೈ ತೆಗೆದಾಗ ನಿಮ್ಮ ದನಿ ಜೋರಾಗಿ ಕೇಳಿದರೆ ಪ್ಲಗ್‌ನ ಪಕ್ಕದಲ್ಲಿ ಸದ್ದು ಸೋರುತ್ತಿದೆ. ಕೈ ಇಟ್ಟರೂ ತೆಗೆದರೂ ಹೆಚ್ಚು ಕಡಿಮೆ ಒಂದೇ ಥರ, ಡ್ರಮ್ಮಿನೊಳಗಿಂದ ಮಾತಾಡಿದಂತೆ ಕೇಳಿದರೆ ಸರಿ ಕೂತಿದೆ. ಮಾತಾಡುತ್ತಾ, ಏನನ್ನೋ ಅಗಿಯುತ್ತಾ ದವಡೆ ಆಡಿದಂತೆ ಪ್ಲಗ್ ಸಡಿಲವಾಗುವುದರಿಂದ ನಡುವೆ ಮತ್ತೊಮ್ಮೆ ಎಣಿಸಿ ನೋಡಬೇಕು. ಸಡಿಲವಾದದ್ದನ್ನು ಹಾಗೇ ಒಳಕ್ಕೆ ಒತ್ತಿ ಪ್ರಯೋಜನವಿಲ್ಲ; ಹೊರಗೆ ಹೋಗಿ, ಕೈ ತೊಳೆದು, ಹೊಸೆದು ಮತ್ತೆ ಹಾಕಬೇಕು.

ಕನ್ನಡಕ ಮತ್ತು ಮಫ್‌ನ ಜಗಳ

ಮಫ್ ಹಾಕುವುದು ಸುಲಭ, ಹಾಗಾಗಿಯೇ ಅದರಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮಫ್‌ನ ಬಟ್ಟಲು ತಲೆಗೆ ಅಂಟಿಕೊಂಡು ಗಾಳಿ ಹೋಗದಂತೆ ಮುಚ್ಚಿದಾಗ ಮಾತ್ರ ಅದರ ಸಂಖ್ಯೆಗೆ ಬೆಲೆ. ಗಾಳಿ ನುಗ್ಗುವ ಸಂದಿನಲ್ಲೆಲ್ಲ ಸದ್ದೂ ನುಗ್ಗುತ್ತದೆ. ಆದರೆ ರೇಂಜ್‌ನಲ್ಲಿ ಕಣ್ಣಿಗೆ ಕನ್ನಡಕ ಕಡ್ಡಾಯ, ಕನ್ನಡಕಕ್ಕೆ ಕಡ್ಡಿ ಇದ್ದೇ ಇರುತ್ತದೆ, ಆ ಕಡ್ಡಿ ದಿಂಬಿನ ಅಡಿಯಿಂದಲೇ ಹಾದು ಕಿವಿಯ ಹಿಂದೆ ಹೋಗಬೇಕು. ದಪ್ಪ ಕಡ್ಡಿಯ ಮೇಲೆ ಕೆಳಗೆ ದಿಂಬು ತಲೆಗೆ ತಾಗದೆ ತ್ರಿಕೋನದಂಥ ಸಂದು ಉಳಿಯುತ್ತದೆ. ಹೀಗೆ ಐದಾರು ಡೆಸಿಬಲ್ ಸೋರಿಹೋಗುವುದು ಮಾಮೂಲು. ಆರು ಡೆಸಿಬಲ್ ಎಂದರೆ ನಾಲ್ಕು ಪಟ್ಟು ಶಕ್ತಿ. ಐದು ದಿನದ ಪಾಲು ಇಪ್ಪತ್ತಾಯಿತು.

ಈ ಜಗಳ ಬಿಡಿಸಲು ಒಂದೋ ಕಡ್ಡಿ ತೆಳ್ಳಗಾಗಬೇಕು, ಇಲ್ಲವೇ ಮಫ್‌ನ ಒಳಗೆ ಪ್ಲಗ್ ಇರಬೇಕು. ಶೂಟಿಂಗ್‌ಗೆಂದೇ ಮಾಡಿದ ಕನ್ನಡಕಗಳ ಕಡ್ಡಿ ಚಪ್ಪಟೆಯಾಗಿ, ತೆಳ್ಳಗೆ, ಬಾಗುವಂತಿರುವುದು ಇದಕ್ಕೇ, ಅಂದಕ್ಕೆ ಅಲ್ಲ. ಕಾರ್ಖಾನೆಯ ಸುರಕ್ಷಾ ಕನ್ನಡಕ ಕಣ್ಣಿಗೆ ಅಷ್ಟೇ ಗಟ್ಟಿ ರಕ್ಷಣೆ ಕೊಟ್ಟರೂ ಅದರ ಕಡ್ಡಿ ಅಗಲವಾಗಿದ್ದರೆ ಕಿವಿಗೆ ಶತ್ರು. ಪವರ್ ಕನ್ನಡಕದ ಮೇಲೆ ಇನ್ನೊಂದು ದೊಡ್ಡ ಕನ್ನಡಕ ಹಾಕುವವರಿಗೆ ಎರಡೆರಡು ಕಡ್ಡಿ; ಅವರು ಬರೀ ಮಫ್ ನಂಬುವುದು ತಪ್ಪು, ಪ್ಲಗ್ ಬೇಕೇ ಬೇಕು.

ಕಡ್ಡಿಯ ಹಾಗೆಯೇ ದಿಂಬಿನಡಿ ಸಿಕ್ಕಿದ ಕೂದಲು, ಓಲೆ, ಟೋಪಿಯ ಅಂಚು ಎಲ್ಲವೂ ಸಂದು ಮಾಡುತ್ತವೆ. ಟೋಪಿ ಹಾಕಿ, ಆದರೆ ಅದರ ಅಂಚು ಬಟ್ಟಲಿನ ಮೇಲೇ ನಿಲ್ಲಲಿ. ದಿಂಬು ಬೆವರು, ಎಣ್ಣೆಗೆ ಕಾಲಕ್ರಮೇಣ ಗಟ್ಟಿಯಾಗಿ ಬಿರಿಯುತ್ತದೆ. ಬೆರಳಿಂದ ಒತ್ತಿದರೆ ಮೆತ್ತಗೆ ಒಳಹೋಗಿ ಮತ್ತೆ ಎದ್ದು ಬರಬೇಕು. ನಿಯಮಿತವಾಗಿ ಬಳಸುವವರು ಆರರಿಂದ ಎಂಟು ತಿಂಗಳಿಗೊಮ್ಮೆ ದಿಂಬು ಬದಲಿಸುವುದು ಒಳ್ಳೆಯದು. ಮಫ್‌ನ ಪಟ್ಟಿಯನ್ನು ಹಿಗ್ಗಿಸಿ ಕುತ್ತಿಗೆಗೆ ಹಾಕಿಕೊಂಡು ತಿರುಗುವ ಅಭ್ಯಾಸದಿಂದ ಅದರ ಬಿಗಿಯೂ ಹೋಗುತ್ತದೆ.

ರೈಫಲ್ ಶೂಟರ್‌ಗಳಿಗೆ ಇನ್ನೊಂದು ತೊಡಕಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕೆನ್ನೆಯನ್ನು ರೈಫಲ್‌ನ ಹಿಡಿಗೆ ಒತ್ತಿದಾಗ ಹಿಡಿಯ ಮೇಲಂಚು ಮಫ್‌ನ ಬಟ್ಟಲಿಗೆ ತಾಗಿ ಅದನ್ನು ಕೆಳಗಿನಿಂದ ಮೇಲಕ್ಕೆತ್ತುತ್ತದೆ. ನೆಟ್ಟಗೆ ನಿಂತು ನೋಡಿದರೆ ಮಫ್ ಚೆನ್ನಾಗಿಯೇ ಕೂತಿರುತ್ತದೆ. ತೆರೆದುಕೊಳ್ಳುವುದು ಗುರಿ ಹಿಡಿದಾಗ, ಅಂದರೆ ಸರಿಯಾಗಿ ಗುಂಡು ಹಾರುವ ಕ್ಷಣಕ್ಕೆ. ಖಾಲಿ ರೈಫಲ್‌ನಲ್ಲಿ, ರೇಂಜ್‌ನ ನಿಯಮದಂತೆ ಗುರಿ ಹಿಡಿಯುವ ಭಂಗಿಗೆ ಬಂದು, ಸುತ್ತಲಿನ ಗುಂಯ್‌ಗುಡುವಿಕೆ ಹೆಚ್ಚಾಯಿತೇ ಎಂದು ಆಲಿಸಿದರೆ ಗೊತ್ತಾಗಿಬಿಡುತ್ತದೆ. ಅಂಥವರಿಗೆ ತೆಳ್ಳನೆಯ ಬಟ್ಟಲಿನ ಮಫ್ ಬೇಕು, ಅಥವಾ ಪ್ಲಗ್.

ಕಣ್ಣಿನ ಕಡೆಗೆ

ಕಣ್ಣಿಗೆ ಬರುವ ಅಪಾಯ ಕಿವಿಯದರ ತದ್ವಿರುದ್ಧ. ಕಿವಿ ಪ್ರತಿ ಗುಂಡಿಗೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ. ಕಣ್ಣಿಗೆ ಸಾವಿರಾರು ಗುಂಡಿನಲ್ಲಿ ಏನೂ ಆಗದೆ ಒಂದು ದಿನ ಎಲ್ಲವೂ ಆಗಿಬಿಡಬಹುದು. ಕಾಟ್ರಿಜ್‌ನ ತಳ ಒಡೆದರೆ ಅಥವಾ ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್ ತೂತಾದರೆ ಮುಂದಕ್ಕೆ ಹೋಗಬೇಕಾದ ಬಿಸಿ ಅನಿಲ, ಹಿತ್ತಾಳೆಯ ಚೂರಿನ ಸಮೇತ, ಹಿಂದಕ್ಕೆ ಮುಖಕ್ಕೇ ನುಗ್ಗುತ್ತದೆ. ಉಕ್ಕಿನ ಗುರಿಗೆ ಬಡಿದ ಗುಂಡಿನ ಚೂರು ತಿರುಗಿ ಬರುತ್ತದೆ. ಉರಿಯದೆ ಉಳಿದ ಮದ್ದಿನ ಕಾಳು ಹಾರುತ್ತದೆ. ಎಲ್ಲಕ್ಕಿಂತ ಸಾಮಾನ್ಯ, ಪಕ್ಕದ ಪಿಸ್ತೂಲು ಉಗುಳಿದ ಬಿಸಿ ಖಾಲಿ ಕೇಸ್.

ಮಾಮೂಲಿ ಪವರ್ ಕನ್ನಡಕ ಇದಕ್ಕೆ ಸಾಲದು. ಗಾಜಾದರೆ ಒಡೆದ ಚೂರೇ ಕಣ್ಣಿಗೆ ಹೋದೀತು. ಬೇಕಾದ್ದು ಪಾಲಿಕಾರ್ಬೊನೇಟ್ ಲೆನ್ಸ್, ಏಟು ಬಿದ್ದರೆ ಬಾಗುತ್ತದೆ, ಸಿಡಿಯುವುದಿಲ್ಲ. ಅಮೆರಿಕದ ಮಾನದಂಡದ್ದಾದರೆ ಲೆನ್ಸ್ ಮೇಲೂ ಚೌಕಟ್ಟಿನ ಮೇಲೂ ಝಡ್87+ ಎಂಬ ಗುರುತು ನೋಡಿ. ಆ ಕೊನೆಯ ಪ್ಲಸ್ ಚಿಹ್ನೆಯೇ ಮುಖ್ಯ: 6.35 ಮಿಲಿಮೀಟರ್ ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿ ಹೊಡೆದಾಗ ತಡೆದಿದೆ ಎಂದರ್ಥ. ಪ್ಲಸ್ ಇಲ್ಲದ್ದು ಆ ಪರೀಕ್ಷೆಗೆ ಒಳಪಟ್ಟದ್ದಲ್ಲ. ಯಾವ ಕನ್ನಡಕವೂ ನೇರ ಬಂದ ಬುಲೆಟ್ಟನ್ನು ತಡೆಯುವುದಿಲ್ಲ, ಅದರ ಕೆಲಸ ಚೂರುಗಳ ಮಟ್ಟಿಗೆ.

ಕನ್ನಡಕ ಮುಖಕ್ಕೆ ಎಷ್ಟು ಹತ್ತಿರ ಕೂರುತ್ತದೆ ಎನ್ನುವುದನ್ನೂ ನೋಡಬೇಕು. ಹುಬ್ಬಿನ ಬಳಿ ಅಂತರವಿದ್ದರೆ ಮೇಲಿಂದ ಬಿದ್ದ ಬಿಸಿ ಕೇಸ್ ಲೆನ್ಸ್ ಮತ್ತು ಕೆನ್ನೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಸುಟ್ಟ ಉರಿಗೆ ಕೈ ತಾನಾಗಿ ಮುಖಕ್ಕೆ ಹೋಗುತ್ತದೆ, ಆ ಕೈಯಲ್ಲಿ ತುಂಬಿದ ಪಿಸ್ತೂಲು ಇರುತ್ತದೆ. ನಳಿಗೆ ಯಾರ ಕಡೆಗೋ ತಿರುಗುವ ಅಪಾಯ ಸುಟ್ಟ ಗಾಯಕ್ಕಿಂತ ಎಷ್ಟೋ ದೊಡ್ಡದು. ಮುಂದೆ ಚಾಚಿದ ಅಂಚಿನ ಟೋಪಿ ಈ ಅಂತರಕ್ಕೆ ಛತ್ರಿಯಂತೆ ನಿಲ್ಲುತ್ತದೆ.

ಪಾಲಿಕಾರ್ಬೊನೇಟ್ ಏಟಿಗೆ ಗಟ್ಟಿ, ಗೀರಿಗೆ ಮೆತ್ತಗೆ. ಧೂಳಿದ್ದಾಗ ಒಣಬಟ್ಟೆಯಲ್ಲಿ ಉಜ್ಜಬೇಡಿ, ನೀರು ಮತ್ತು ಸೌಮ್ಯ ಸೋಪಿನಲ್ಲಿ ತೊಳೆಯಿರಿ. ಅಸಿಟೋನ್, ಬಂದೂಕು ತೊಳೆಯುವ ದ್ರಾವಕ ತಾಗಿದರೆ ಕೂದಲೆಳೆಯಂಥ ಬಿರುಕು ಹುಟ್ಟಿ ಬಲ ಹೋಗುತ್ತದೆ. ಒಮ್ಮೆ ಜೋರಾಗಿ ಏಟು ತಿಂದ ಲೆನ್ಸ್ ನೋಡಲು ಚೆನ್ನಾಗಿದ್ದರೂ ಬದಲಿಸುವುದೇ ಸರಿ.

ಪ್ಲಗ್ ಮೇಲೆ ಮಫ್

ಒಳಾಂಗಣ ರೇಂಜ್, ದೊಡ್ಡ ರೈಫಲ್, ಮಝಲ್ ಬ್ರೇಕ್ ಇರುವ ಪಕ್ಕದ ಲೇನ್: ಇಂಥ ಕಡೆ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕುವುದೇ ರೂಢಿಯಾಗಬೇಕು. 33ರ ಪ್ಲಗ್, 22ರ ಮಫ್ ಸೇರಿ 55 ಆಗುವುದಿಲ್ಲ. ದೊಡ್ಡ ಸಂಖ್ಯೆಗೆ ಸುಮಾರು ಐದು ಸೇರಿಸಿಕೊಳ್ಳಿ ಎಂಬುದು ವಾಡಿಕೆಯ ಲೆಕ್ಕ. ಕಿವಿಯ ದಾರಿ ಪೂರ್ತಿ ಮುಚ್ಚಿದರೂ ಸದ್ದು ತಲೆಬುರುಡೆಯನ್ನೇ ಅಲುಗಿಸಿ ಮೂಳೆಯ ಮೂಲಕ ಕಾಕ್ಲಿಯಾ ಮುಟ್ಟುತ್ತದೆ, ಹಾಗಾಗಿ ಏನೇ ಮಾಡಿದರೂ ಸುಮಾರು 40ರಿಂದ 50 ಡೆಸಿಬಲ್‌ಗೆ ರಕ್ಷಣೆಯ ಗೋಡೆ ಮುಗಿಯುತ್ತದೆ. ಐದು ಡೆಸಿಬಲ್ ಅಷ್ಟೇನಾ ಎನ್ನಬೇಡಿ, ಅದು ಮೂರು ಪಟ್ಟು ಶಕ್ತಿ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಕಡ್ಡಿಯಿಂದ ಮಫ್ ಸೋರಿದರೆ ಪ್ಲಗ್ ಇರುತ್ತದೆ, ಪ್ಲಗ್ ಸಡಿಲವಾದರೆ ಮಫ್ ಇರುತ್ತದೆ. ಎರಡೂ ಒಟ್ಟಿಗೆ ಕೈಕೊಡುವುದು ಅಪರೂಪ.

ಎಲೆಕ್ಟ್ರಾನಿಕ್ ಮಫ್‌ಗಳ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಹೊರಗಿನ ಮೈಕ್ ಮಾತನ್ನು ಹಿಡಿದು ಒಳಗಿನ ಸ್ಪೀಕರ್‌ಗೆ ಕೊಡುತ್ತದೆ. ಸದ್ದು ಸುಮಾರು 82 ಡೆಸಿಬಲ್ ದಾಟಿದೊಡನೆ ಸ್ಪೀಕರ್ ಅದನ್ನು ಕೊಡುವುದನ್ನು ನಿಲ್ಲಿಸುತ್ತದೆ ಅಥವಾ ತಗ್ಗಿಸುತ್ತದೆ. ಗುಂಡಿನ ಸದ್ದನ್ನು ತಡೆಯುವುದು ಮಾತ್ರ ಹಳೇ ಕಾಲದ ಬಟ್ಟಲು, ದಿಂಬು. ಬ್ಯಾಟರಿ ಸತ್ತರೂ ರಕ್ಷಣೆ ಅಷ್ಟೇ ಇರುತ್ತದೆ, ಹೊಸ ಬ್ಯಾಟರಿ ಹಾಕಿದರೂ ಹೆಚ್ಚುವುದಿಲ್ಲ. ತೆಳ್ಳನೆಯ ಎಲೆಕ್ಟ್ರಾನಿಕ್ ಮಫ್‌ಗಳ ಸಂಖ್ಯೆ 22ರ ಆಸುಪಾಸು, ಅಂದರೆ ಒಂಟಿಯಾಗಿ ಒಳಾಂಗಣಕ್ಕೆ ಸಾಲದು. ಆದರೂ ಕೊಳ್ಳಲು ಒಂದು ಒಳ್ಳೆಯ ಕಾರಣವಿದೆ: ರೇಂಜ್ ಆಫೀಸರ್ ಹೇಳಿದ್ದು ಕೇಳುವುದರಿಂದ ಮಫ್ ಸರಿಸುವ ಪ್ರಸಂಗವೇ ಬರುವುದಿಲ್ಲ. ಒಳಗೆ ಪ್ಲಗ್ ಹಾಕಿ, ಮೇಲಿನ ಮಫ್‌ನ ವಾಲ್ಯೂಮ್ ಏರಿಸಿಕೊಂಡರೆ ಮಾತೂ ಕೇಳುತ್ತದೆ, ಗುಂಡೂ ತಗ್ಗುತ್ತದೆ.

ಹಾಕುವ ಕ್ರಮ: ಬಾಗಿಲ ಹೊರಗೇ ಮೊದಲು ಪ್ಲಗ್, ಆಮೇಲೆ ಕನ್ನಡಕ, ಕೊನೆಗೆ ಮಫ್. ಬೆರಳನ್ನು ದಿಂಬಿನ ಸುತ್ತ ಒಮ್ಮೆ ಆಡಿಸಿ ಎಲ್ಲೂ ಎತ್ತಿಕೊಂಡಿಲ್ಲ ಎಂದು ನೋಡಿ. ಗುಂಡು ನಿಲ್ಲಿಸಲು ಸೀಸ್ ಫೈರ್ ಹೇಳಿದ್ದಾರೆಂದು ಒಳಗೆ ಏನನ್ನೂ ತೆಗೆಯಬೇಡಿ. ಹೊರಗೆ ಬಂದ ಮೇಲೆ ಮಫ್, ಕನ್ನಡಕ ತೆಗೆದು, ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆದು, ಕೊನೆಗೆ ಪ್ಲಗ್ಗನ್ನು ನಿಧಾನಕ್ಕೆ ತಿರುಗಿಸುತ್ತಾ ಹೊರತೆಗೆಯಿರಿ. ಥಟ್ಟನೆ ಎಳೆದರೆ ಕಿವಿತಮಟೆಗೆ ನೋವಾಗುತ್ತದೆ.

ವರ್ಷಗಳು ಕಳೆದಾಗ

ರೇಂಜ್‌ನಿಂದ ಬಂದ ಸಂಜೆ ಕಿವಿಗೆ ಹತ್ತಿ ತುರುಕಿದಂತಾಗುವುದು, ಗುಂಯ್ ಎನ್ನುವುದು, ಮರುದಿನಕ್ಕೆ ಸರಿಹೋಗುವುದು ಬಹಳ ಜನರಿಗೆ ಗೊತ್ತು. ಸರಿಹೋಯಿತಲ್ಲ ಎಂದು ಬಿಟ್ಟುಬಿಡುತ್ತಾರೆ. 2009ರಲ್ಲಿ ಶಾರನ್ ಕುಜಾವಾ ಮತ್ತು ಚಾರ್ಲ್ಸ್ ಲೀಬರ್ಮನ್ ಇಲಿಗಳಲ್ಲಿ ಈ 'ಸರಿಹೋಗುವಿಕೆ'ಯನ್ನು ಪರೀಕ್ಷಿಸಿದರು. ಗದ್ದಲದ ನಂತರ ಇಲಿಗಳ ಶ್ರವಣ ಮೊದಲಿನಂತೆ ಮರಳಿತ್ತು, ರೋಮಕೋಶಗಳೂ ಇದ್ದವು. ಆದರೆ ಏಟು ಬಿದ್ದ ಭಾಗದಲ್ಲಿ ರೋಮಕೋಶಕ್ಕೂ ನರಕ್ಕೂ ನಡುವಿನ ಬೆಸುಗೆಗಳಲ್ಲಿ ಅರ್ಧದಷ್ಟು ಶಾಶ್ವತವಾಗಿ ಹೋಗಿದ್ದವು. ಮನುಷ್ಯರಲ್ಲೂ ಹೀಗೆಯೇ ಆದರೆ, ನಿಶ್ಶಬ್ದ ಕೋಣೆಯ ಪರೀಕ್ಷೆಯಲ್ಲಿ ಪಾಸಾದವರೂ ಗದ್ದಲದ ಜಾಗದಲ್ಲಿ ಮಾತು ಹಿಡಿಯಲು ಒದ್ದಾಡುವುದಕ್ಕೆ ಇದೊಂದು ಕಾರಣವಾಗಬಲ್ಲದು.

ಗುಂಡಿನಿಂದ ಕೆಟ್ಟ ಕಿವಿಯ ಆಡಿಯೋಗ್ರಾಮ್‌ಗೆ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆಗೆ, ಒಂದು ಗುರುತಿದೆ. ತಗ್ಗು ಸ್ಥಾಯಿಯ ಸದ್ದುಗಳಲ್ಲಿ ಗೆರೆ ನೆಟ್ಟಗಿರುತ್ತದೆ, 4,000 ಹರ್ಟ್ಸ್ ಸುತ್ತ ಹಳ್ಳಕ್ಕೆ ಬಿದ್ದಂತೆ ಇಳಿಯುತ್ತದೆ, 8,000ಕ್ಕೆ ಮತ್ತೆ ಸ್ವಲ್ಪ ಏರುತ್ತದೆ. ಅಲ್ಲೇ ಏಕೆ? ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ಕಾಲುವೆ, ಒಂದು ತುದಿ ಮುಚ್ಚಿದ ಕೊಳವೆಯಂತೆ, ಸುಮಾರು 3,000 ಹರ್ಟ್ಸ್‌ನ ಸದ್ದನ್ನು ತಾನೇ ಹಿಗ್ಗಿಸಿ ಒಳಗೆ ಕಳಿಸುತ್ತದೆ. ಗಾಯ ಕಾಣಿಸಿಕೊಳ್ಳುವುದು ಅದಕ್ಕಿಂತ ಅರ್ಧ ಸಪ್ತಕದಷ್ಟು ಮೇಲೆ. ರೈಫಲ್ ಹಾರಿಸುವ ಬಲಗೈಯವರಲ್ಲಿ ಎಡಗಿವಿ ಹೆಚ್ಚು ಕೆಡುತ್ತದೆ, ಏಕೆಂದರೆ ಗುರಿ ಹಿಡಿದಾಗ ಎಡಗಿವಿ ನಳಿಗೆಯ ತುದಿಯ ಕಡೆಗೆ ತಿರುಗಿರುತ್ತದೆ, ಬಲಗಿವಿ ತಲೆಯ ನೆರಳಿನಲ್ಲಿರುತ್ತದೆ. ಪಿಸ್ತೂಲಿನವರಲ್ಲಿ ಈ ವ್ಯತ್ಯಾಸ ಕಡಿಮೆ.

ಮೇಲು ಸ್ಥಾಯಿಯ ಸದ್ದುಗಳು ಹೋದರೆ ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಅ, ಆ ಥರದ ಸ್ವರಾಕ್ಷರಗಳು ದಪ್ಪ ದನಿಯವು, ಅವು ಉಳಿಯುತ್ತವೆ. ಸ, ಶ, ಚ, ತ, ಕ ಥರದ ವ್ಯಂಜನಗಳನ್ನು ಬೇರೆ ಬೇರೆ ಎಂದು ಗುರುತಿಸಲು ಬೇಕಾದ ತೆಳು ಸದ್ದುಗಳು ಹೋಗುತ್ತವೆ. ಹಾಲು, ಸಾಲು, ಕಾಲು, ಪಾಲು ಎಲ್ಲವೂ ಬರೀ 'ಆಲು'ವಾಗುತ್ತದೆ. ಸಂದರ್ಭ ನೋಡಿ ಮೆದುಳು ಊಹಿಸಿಕೊಳ್ಳುವುದರಿಂದ ಆ ವ್ಯಕ್ತಿಗೇ ಇದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಎದುರಿನವರು ಗೊಣಗುತ್ತಾರೆ ಎಂದೇ ಅವರ ದೂರು.

ಹಾಗಾಗಿ ಶೂಟಿಂಗ್ ಶುರು ಮಾಡುವ ಮೊದಲು ಒಂದು ಆಡಿಯೋಗ್ರಾಮ್, ಆಮೇಲೆ ವರ್ಷಕ್ಕೊಂದು. ಪರೀಕ್ಷೆಗೆ ಮೊದಲು ಕನಿಷ್ಠ 14 ಗಂಟೆ ಜೋರು ಸದ್ದಿನಿಂದ ದೂರವಿರಬೇಕು, ಇಲ್ಲವಾದರೆ ತಾತ್ಕಾಲಿಕ ಮಂದತನ ಸೇರಿ ಲೆಕ್ಕ ತಪ್ಪುತ್ತದೆ. ಹಳೆಯ ಹಾಳೆಯ ಜೊತೆ ಹೋಲಿಸಲು 2,000, 3,000, 4,000 ಹರ್ಟ್ಸ್‌ನಲ್ಲಿ ಕಿವಿಗೆ ಕೇಳಿಸಿದ ಅತಿ ಮೆಲು ಸದ್ದಿನ ಡೆಸಿಬಲ್ ಸಂಖ್ಯೆಗಳ ಸರಾಸರಿ ತೆಗೆಯಿರಿ. ಮೊದಲ ವರ್ಷ ಎಡಗಿವಿಗೆ 10, 10, 15 ಇತ್ತು ಎಂದರೆ ಸರಾಸರಿ ಸುಮಾರು 12. ಐದು ವರ್ಷದ ಮೇಲೆ 15, 20, 35 ಬಂದರೆ ಸರಾಸರಿ ಸುಮಾರು 23. ವ್ಯತ್ಯಾಸ 10 ದಾಟಿದೆ, ಕಾರ್ಖಾನೆಗಳಲ್ಲಿ ಕೆಲಸಗಾರರ ರಕ್ಷಣೆಯನ್ನು ಬದಲಿಸಲು ಇಷ್ಟು ವ್ಯತ್ಯಾಸ ಸಾಕು. 35 ಎನ್ನುವುದು ಇನ್ನೂ ಮಾತಿಗೆ ದೊಡ್ಡ ತೊಂದರೆ ಕೊಡದ ಘಟ್ಟ. ಪ್ಲಗ್ ಹಾಕುವ ರೀತಿ, ಕನ್ನಡಕದ ಕಡ್ಡಿ, ಮಫ್‌ನ ದಿಂಬು ಮೂರನ್ನೂ ತಪಾಸಣೆ ಮಾಡಬೇಕಾದದ್ದು ಆಗಲೇ.

ಇನ್ನು, ಬರಿಗಿವಿಗೆ ಗುಂಡು ಬಿದ್ದೇಬಿಟ್ಟರೆ ಆ ದಿನದ ಶೂಟಿಂಗ್ ಅಲ್ಲಿಗೆ ನಿಲ್ಲಿಸಿ, ಒಂದೆರಡು ದಿನ ಕಿವಿಗೆ ಮೌನ ಕೊಡಿ. ಮರುದಿನ ಬೆಳಿಗ್ಗೆಗೂ ಒಂದು ಕಿವಿ ಮಂದವಾಗಿಯೇ ಇದ್ದರೆ, ಕಿವಿಯಿಂದ ರಕ್ತ ಬಂದಿದ್ದರೆ ಅಥವಾ ತಲೆ ಸುತ್ತುತ್ತಿದ್ದರೆ ಕಿವಿ, ಮೂಗು, ಗಂಟಲು ವೈದ್ಯರನ್ನು ಅದೇ ದಿನ ಕಾಣಬೇಕು. ಹಠಾತ್ತನೆ ಹೋದ ಶ್ರವಣಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆಯಿಂದ ಏನಾದರೂ ಪ್ರಯೋಜನವಾಗುವುದಿದ್ದರೆ ಅದು ಮೊದಲ ಕೆಲವು ದಿನಗಳಲ್ಲೇ; ಎರಡು ವಾರ ಕಾದು ನೋಡಿ ಹೋದವರಿಗೆ ವೈದ್ಯರು ಮಾಡಬಹುದಾದ್ದು ಬಹಳ ಕಡಿಮೆ.